ಕಾಗದದ ಸಹಿಯಿಂದ ಪಾರದರ್ಶಕ ಚಿತ್ರ: ವಿಧಾನಗಳ ಒಂದು ಸಮೀಕ್ಷೆ

ಕಾಗದದ ಮೇಲೆ ಹಾಕಿದ ಸಹಿಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನ ದಾಖಲೆಯೊಂದಕ್ಕೆ ಸೇರಿಸಿದಾಗ, ಸಹಿಯ ಗೆರೆಗಳ ಜೊತೆಗೆ ಅವು ಮೂಡಿದ್ದ ಕಾಗದದ ಚೌಕವೂ ಬಂದು ಕೂರುತ್ತದೆ. ದಾಖಲೆಯ ಪುಟ ಅಚ್ಚ ಬಿಳಿಯಾಗಿದ್ದು ಸಹಿಯ ಜಾಗ ಖಾಲಿಯಾಗಿದ್ದರೆ ಈ ಚೌಕ ಕಣ್ಣಿಗೆ ಬೀಳದೆ ಹೋಗಬಹುದು. ಆದರೆ ಬಣ್ಣದ ಹಿನ್ನೆಲೆಯ ಪ್ರಮಾಣಪತ್ರದಲ್ಲಿ, ಚುಕ್ಕೆಗೆರೆಯ ಮೇಲೆ ಸಹಿ ಬೀಳಬೇಕಾದ ರಸೀದಿಯಲ್ಲಿ, ಹೆಸರು ಮತ್ತು ಹುದ್ದೆ ಮೊದಲೇ ಅಚ್ಚಾಗಿರುವ ಪತ್ರದಲ್ಲಿ ಅದು ಕೆಳಗಿನ ಮುದ್ರಣವನ್ನು ಮುಚ್ಚಿ, ಅಂಟಿಸಿದ ಚೀಟಿಯಂತೆ ಎದ್ದು ಕಾಣುತ್ತದೆ. ಹೀಗಾಗಿ ಶಾಯಿ ಇರುವಲ್ಲಿ ಮಾತ್ರ ಬಣ್ಣವಿದ್ದು ಉಳಿದೆಡೆ ಕೆಳಗಿನ ಪುಟ ಕಾಣುವಂಥ ಚಿತ್ರ, ಅಂದರೆ ಪಾರದರ್ಶಕ ಹಿನ್ನೆಲೆಯ ಚಿತ್ರ, ಬೇಕಾಗುತ್ತದೆ. ಇದಕ್ಕೆ ಬಳಕೆಯಲ್ಲಿರುವ ವಿಧಾನಗಳು ಹಲವು. ಅವುಗಳ ಫಲಿತಾಂಶದಲ್ಲಿ ಕಾಣುವ ವ್ಯತ್ಯಾಸಕ್ಕೆಲ್ಲ ಮೂಲ ಒಂದೇ, ಗೆರೆಯ ಅಂಚಿನಲ್ಲಿ ಶಾಯಿ ಮತ್ತು ಕಾಗದ ಬೆರೆತಿರುವ ಬಿಂದುಗಳನ್ನು ಆಯಾ ವಿಧಾನ ಹೇಗೆ ನೋಡಿಕೊಳ್ಳುತ್ತದೆ ಎಂಬುದು.

ಸ್ಕ್ಯಾನ್ ಮಾಡಿದ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚೌಕಬಿಂದುಗಳ ಸಾಲುಗಳಿಂದ ಆಗಿರುತ್ತದೆ. ಪ್ರತಿ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಲೆಗಳಿದ್ದು, ಒಂದೊಂದೂ 0ಯಿಂದ 255ರವರೆಗೆ ಇರುತ್ತದೆ. ಮೂರೂ 255 ಆದರೆ ಅಚ್ಚ ಬಿಳಿ, ಮೂರೂ 0 ಆದರೆ ಅಚ್ಚ ಕಪ್ಪು. ಪಾರದರ್ಶಕತೆಗೆ ಇವುಗಳ ಜೊತೆ ನಾಲ್ಕನೆಯ ಬೆಲೆಯೊಂದು ಬೇಕು. ಅದಕ್ಕೆ ಆಲ್ಫಾ ಎಂದು ಹೆಸರು. ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ರೂಪಿಸಿದ ಈ ಕಲ್ಪನೆಗೆ 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ತಮ್ಮ ಪ್ರಬಂಧದಲ್ಲಿ ಗಣಿತದ ಚೌಕಟ್ಟು ಕೊಟ್ಟರು. ಆಲ್ಫಾ ಸೊನ್ನೆಯಾದರೆ ಆ ಪಿಕ್ಸೆಲ್ ಕಾಣಿಸುವುದೇ ಇಲ್ಲ, ಒಂದಾದರೆ ಪೂರ್ತಿ ಕಾಣಿಸುತ್ತದೆ, ಅರ್ಧವಾದರೆ ತನ್ನ ಬಣ್ಣದ ಅರ್ಧ ಪಾಲನ್ನೂ ಕೆಳಗಿನ ಪುಟದ ಬಣ್ಣದ ಅರ್ಧ ಪಾಲನ್ನೂ ಸೇರಿಸಿ ತೋರಿಸುತ್ತದೆ. ಜೆಪಿಜಿ ಕಡತದಲ್ಲಿ ಈ ನಾಲ್ಕನೆಯ ಬೆಲೆಗೆ ಜಾಗವೇ ಇಲ್ಲ. ಜಿಫ್ ಕಡತದಲ್ಲಿ ಪಿಕ್ಸೆಲ್ ಒಂದೋ ಪೂರ್ತಿ ಕಾಣಬೇಕು, ಇಲ್ಲವೇ ಪೂರ್ತಿ ಮಾಯವಾಗಬೇಕು. 1996ರಲ್ಲಿ ಬಂದ ಪಿಎನ್‌ಜಿ ಮಾದರಿಯಲ್ಲಿ ನಡುವಿನ ಎಲ್ಲ ಹಂತಗಳೂ ಸಾಧ್ಯವಾದುದರಿಂದ ಸಹಿಯ ಚಿತ್ರಕ್ಕೆ ಅದೇ ವಾಡಿಕೆಯಾಗಿದೆ.

ಅಂಚಿನ ಪ್ರಶ್ನೆಯನ್ನು ಒಂದು ಉದಾಹರಣೆಯಿಂದ ಹತ್ತಿರದಿಂದ ನೋಡಬಹುದು. ಸಂಘವೊಂದರ ಕಾರ್ಯದರ್ಶಿ ಗೆರೆಯಿಲ್ಲದ ಬಿಳಿ ಎ4 ಹಾಳೆಯ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಸಹಿ ಮಾಡಿದ್ದಾರೆ ಎಂದೂ, ಅದನ್ನು ಪ್ರಮಾಣಪತ್ರಗಳ ಕೆಳಭಾಗದ ಮಣ್ಣುಬಣ್ಣದ ಪಟ್ಟಿಯ ಮೇಲೆ ಇಡಬೇಕಾಗಿದೆ ಎಂದೂ ಇಟ್ಟುಕೊಳ್ಳೋಣ. ಸಹಿಯ ಅಗಲ 6 ಸೆಂಟಿಮೀಟರ್. ಅಂಗುಲಕ್ಕೆ 600 ಬಿಂದುಗಳ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದರೆ ಚಿತ್ರದ ಅಗಲ ಸುಮಾರು 1417 ಪಿಕ್ಸೆಲ್ ಆಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಗೆರೆಗೆ ಸುಮಾರು 12 ಪಿಕ್ಸೆಲ್ ಸಿಗುತ್ತವೆ. ಮೂರು ಬೆಲೆಗಳಲ್ಲಿ ಕೆಂಪಿನದನ್ನಷ್ಟೇ ನೋಡೋಣ. ಖಾಲಿ ಕಾಗದದ ಬೆಲೆ 240, ಗೆರೆಯ ನಡುವಿನ ದಟ್ಟ ಶಾಯಿಯ ಬೆಲೆ 40 ಎಂದಾದರೆ, ಕಾಗದದಿಂದ ಗೆರೆಯ ಒಳಗೆ ಸಾಗುವಾಗ ಬೆಲೆಗಳು 240, 210, 140, 70, 40 ಎಂದು ಇಳಿಯುತ್ತ ಬರುತ್ತವೆ. ನಡುವಿನ ಈ ಮೂರು ಪಿಕ್ಸೆಲ್ಲುಗಳು ಪೂರ್ತಿ ಶಾಯಿಯೂ ಅಲ್ಲ, ಪೂರ್ತಿ ಕಾಗದವೂ ಅಲ್ಲ. ಒಂದೊಂದರಲ್ಲೂ ಎರಡರ ಪಾಲೂ ಇದೆ.

ಹೆಚ್ಚು ಜನರ ಕೈಗೆ ಮೊದಲು ಸಿಗುವ ವಿಧಾನವೆಂದರೆ ಒಂದು ಬಣ್ಣವನ್ನು ಆರಿಸಿ ಅದನ್ನು ಮಾಯ ಮಾಡುವುದು. ವರ್ಡ್‌ನಲ್ಲಿರುವ `Set Transparent Color` ಆಜ್ಞೆ ಈ ಜಾತಿಯದು. ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಒಂದು ಬಣ್ಣದ ಪ್ರದೇಶವನ್ನು ಕ್ಲಿಕ್ಕಿಸಿ ಅಳಿಸುವ ಉಪಕರಣವೂ ಸ್ವಲ್ಪ ಸಡಿಲಿಕೆಯೊಂದಿಗೆ ಇದನ್ನೇ ಮಾಡುತ್ತದೆ. ಕಣ್ಣಿಗೆ ಒಂದೇ ಬಿಳಿಯಾಗಿ ಕಾಣುವ ಕಾಗದವು ಸ್ಕ್ಯಾನರಿಗೆ 232ರಿಂದ 248ರವರೆಗಿನ ಹಲವು ಬೆಲೆಗಳಾಗಿ ಕಾಣುವುದರಿಂದ, ಒಂದೇ ಬೆಲೆಯನ್ನು ತೆಗೆದರೆ ಉಳಿದವು ಧೂಳಿನ ಚುಕ್ಕೆಗಳಂತೆ ಉಳಿಯುತ್ತವೆ. ಸಡಿಲಿಕೆ ಹೆಚ್ಚಿಸಿ ಅವನ್ನೆಲ್ಲ ತೆಗೆದರೂ ಅಂಚಿನ ಪಿಕ್ಸೆಲ್ಲುಗಳು ತಮ್ಮ ಹಳೆಯ ಬೆಲೆಯನ್ನೇ ಹೊತ್ತು ಕೂರುತ್ತವೆ. ಮಣ್ಣುಬಣ್ಣದ ಪಟ್ಟಿಯ ಬೆಲೆ 180 ಇದ್ದಾಗ ಅದರ ಮೇಲೆ 210ರ ಪಿಕ್ಸೆಲ್ ಬಂದರೆ, ಅದು ಒಂದು ಬದಿಯ ಶಾಯಿಗಿಂತಲೂ ಇನ್ನೊಂದು ಬದಿಯ ಪಟ್ಟಿಗಿಂತಲೂ ಬೆಳ್ಳಗಿರುತ್ತದೆ. ಗೆರೆಯ ಸುತ್ತ ಕಾಣುವ ಬಿಳಿ ಪ್ರಭೆ ಹುಟ್ಟುವುದು ಹೀಗೆ. ಬಿಳಿ ಪುಟದ ಮೇಲೆ ಈ ದೋಷ ಕಾಣಿಸದು. ಆದ್ದರಿಂದ ತಯಾರಾದ ಚಿತ್ರವನ್ನು ಗಾಢ ಕೆಂಪು ಅಥವಾ ಬೂದು ಬಣ್ಣದ ಹಿನ್ನೆಲೆಯ ಮೇಲಿಟ್ಟು ದೊಡ್ಡದು ಮಾಡಿ ನೋಡದೆ ಒಪ್ಪಿಕೊಳ್ಳಬಾರದು.

ಎರಡನೆಯ ವಿಧಾನ ಗಡಿ ಹಾಕುವುದು: ಒಂದು ಬೆಲೆಯನ್ನು ಗಡಿಯಾಗಿ ನಿಶ್ಚಯಿಸಿ ಅದಕ್ಕಿಂತ ಕಡಿಮೆ ಬೆಲೆಯವನ್ನೆಲ್ಲ ಪೂರ್ತಿ ಶಾಯಿ ಎಂದೂ, ಹೆಚ್ಚಿನವನ್ನೆಲ್ಲ ಪೂರ್ತಿ ಪಾರದರ್ಶಕ ಎಂದೂ ಮಾಡುವುದು. ಗಡಿಯನ್ನು ಕೈಯಿಂದ ಹಾಕಬಹುದು, ಇಲ್ಲವೇ ಬೆಲೆಗಳ ಹಂಚಿಕೆಯನ್ನು ನೋಡಿ ಎರಡು ಗುಂಪುಗಳನ್ನು ಬೇರ್ಪಡಿಸುವ, 1979ರಲ್ಲಿ ಜಪಾನಿನ ನೊಬುಯುಕಿ ಓಟ್ಸು ಪ್ರಕಟಿಸಿದ ಲೆಕ್ಕಕ್ಕೆ ಬಿಡಬಹುದು. ಇಲ್ಲಿ ಬಿಳಿ ಪ್ರಭೆಯ ತೊಂದರೆ ಇಲ್ಲ, ಬದಲಿಗೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. 600ರ ಲೆಕ್ಕದಲ್ಲಿ ಒಂದು ಪಿಕ್ಸೆಲ್ ಕಾಗದದ ಮೇಲೆ 0.04 ಮಿಲಿಮೀಟರಿನಷ್ಟೇ ಇರುವುದರಿಂದ ಮುದ್ರಿಸಿದಾಗ ಈ ಮೆಟ್ಟಿಲು ಗೊತ್ತಾಗುವುದಿಲ್ಲ. 150ರ ಲೆಕ್ಕದಲ್ಲಿ ತೆಗೆದ ಚಿತ್ರದಲ್ಲಿ ಢಾಳಾಗಿ ಕಾಣುತ್ತದೆ. ಇದಕ್ಕಿಂತ ದೊಡ್ಡ ನಷ್ಟವೊಂದಿದೆ. ಸಹಿಯ ಕೊನೆಯಲ್ಲಿ ಪೆನ್ನು ಹಗುರಾಗಿ ಎಳೆದು ಬಿಟ್ಟ ಬಾಲ, ಎರಡು ಅಕ್ಷರಗಳ ನಡುವಿನ ತೆಳು ಕೊಂಡಿ, ಇವುಗಳ ಬೆಲೆ 190 ಅಥವಾ 200ರ ಹತ್ತಿರ ಇರುತ್ತದೆ. ಗಡಿಯನ್ನು 140ಕ್ಕೆ ಹಾಕಿದರೆ ಅವು ತುಂಡಾಗುತ್ತವೆ, 210ಕ್ಕೆ ಏರಿಸಿದರೆ ಗೆರೆಗಳೆಲ್ಲ ಉಬ್ಬುತ್ತವೆ. ಒತ್ತಡದ ಏರಿಳಿತದಲ್ಲಿಯೂ ಸಹಿಯ ಗುರುತು ಇರುವುದರಿಂದ ಈ ನಷ್ಟವನ್ನು ಲಘುವಾಗಿ ಕಾಣುವಂತಿಲ್ಲ.

ಗಡಿ ಹಾಕಿದ ಚಿತ್ರದ ಅಂಚನ್ನು ಗಣಿತದ ವಕ್ರರೇಖೆಗಳಾಗಿ ಬದಲಿಸುವ ಪದ್ಧತಿಯೂ ಇದೇ ಕುಲದ್ದು. ಇಂಕ್‌ಸ್ಕೇಪ್ ತಂತ್ರಾಂಶದ `Trace Bitmap` ಆಜ್ಞೆ ಪೀಟರ್ ಸೆಲಿಂಗರ್ ಬರೆದ ಪೋಟ್ರೇಸ್ ಮೂಲಕ ಈ ಕೆಲಸ ಮಾಡುತ್ತದೆ. ಎಷ್ಟು ಹಿಗ್ಗಿಸಿದರೂ ಅಂಚು ನಯವಾಗಿ ಉಳಿಯುವುದು ಇದರ ಗುಣ, ಶಾಯಿಯ ತಿಳಿ ದಟ್ಟಗಳು ಅಳಿಸಿಹೋಗಿ ಬಾಲ್‌ಪೆನ್ನಿನ ಸಹಿ ಸ್ಕೆಚ್ ಪೆನ್ನಿನದರಂತೆ ಕಾಣುವುದು ಇದರ ದೋಷ. ಬ್ಯಾನರಿಗೋ ಫಲಕಕ್ಕೋ ಸಹಿ ಬೇಕಾದಾಗ ಇದು ಸರಿ, ಪತ್ರಕ್ಕೆ ಬೇಕಿಲ್ಲ.

ಮೂರನೆಯ ವಿಧಾನದ ತರ್ಕವೇ ಬೇರೆ. ಅಂಚಿನ ಪಿಕ್ಸೆಲ್ಲನ್ನು ಶಾಯಿಯ ಕಡೆಗೋ ಕಾಗದದ ಕಡೆಗೋ ತಳ್ಳುವ ಬದಲು, ಅದರಲ್ಲಿ ಶಾಯಿಯ ಪಾಲೆಷ್ಟು ಎಂದು ಅಳೆದು ಆ ಪಾಲನ್ನೇ ಆಲ್ಫಾ ಎಂದು ಬರೆದುಕೊಳ್ಳುವುದು ಅದರ ಸಾರ. ಕಾಗದದ ಬೆಲೆಯಿಂದ ಪಿಕ್ಸೆಲ್ಲಿನ ಬೆಲೆಯನ್ನು ಕಳೆದು, ಬಂದುದನ್ನು ಕಾಗದ ಮತ್ತು ಶಾಯಿಯ ನಡುವಿನ ಅಂತರದಿಂದ ಭಾಗಿಸಿದರೆ ಪಾಲು ಸಿಗುತ್ತದೆ:

```
alpha = (paper - pixel) / (paper - ink)
```

ಮೇಲಿನ ಉದಾಹರಣೆಯಲ್ಲಿ ಅಂತರ 200. 210ರ ಪಿಕ್ಸೆಲ್ಲಿಗೆ 0.15, 140ರದಕ್ಕೆ 0.5, 70ರದಕ್ಕೆ 0.85 ಎಂದು ಆಲ್ಫಾ ಬರುತ್ತದೆ. ಈ ಪಿಕ್ಸೆಲ್ಲುಗಳಿಗೆಲ್ಲ ದಟ್ಟ ಶಾಯಿಯ ಬೆಲೆಯಾದ 40ನ್ನೇ ಬಣ್ಣವಾಗಿ ಕೊಟ್ಟು 180ರ ಪಟ್ಟಿಯ ಮೇಲಿಟ್ಟಾಗ ಅವು ಕ್ರಮವಾಗಿ 159, 110, 61 ಎಂದು ಕಾಣಿಸಿಕೊಳ್ಳುತ್ತವೆ. ಪಟ್ಟಿಯ 180ರಿಂದ ಶಾಯಿಯ 40ರವರೆಗೆ ಎಲ್ಲಿಯೂ ಬೆಳ್ಳಗಾಗದೆ ಇಳಿಯುವ ಸಾಲು ಅದು. ಸಹಿಯನ್ನು ಆ ಪಟ್ಟಿಯ ಮೇಲೆಯೇ ನೇರವಾಗಿ ಬರೆದಿದ್ದರೆ ಅಂಚು ಹೆಚ್ಚು ಕಡಿಮೆ ಹೀಗೆಯೇ ಇರುತ್ತಿತ್ತು. 200ರ ತೆಳು ಬಾಲಕ್ಕೆ 0.2 ಆಲ್ಫಾ ಸಿಕ್ಕಿ ಅದು ತೆಳುವಾಗಿಯೇ ಉಳಿಯುತ್ತದೆ, ಕತ್ತರಿಸಿಹೋಗುವುದಿಲ್ಲ.

ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ಆಲ್ಫಾವನ್ನು ಸರಿಯಾಗಿ ಅಳೆದ ಮೇಲೂ ಪಿಕ್ಸೆಲ್ಲಿನ ಹಳೆಯ ಬಣ್ಣವನ್ನು ಹಾಗೆಯೇ ಬಿಟ್ಟರೆ, ಕಾಗದದ ಬಿಳಿ ಒಂದು ಸಲ ಬಣ್ಣದಲ್ಲಿ ಉಳಿದಿರುತ್ತದೆ, ಶಾಯಿಯ ತೆಳುವು ಇನ್ನೊಂದು ಸಲ ಆಲ್ಫಾದಲ್ಲಿ ಸೇರುತ್ತದೆ. ಹೀಗೆ ಎರಡು ಬಾರಿ ತಿಳಿಯಾದ ಅಂಚು ಸುಣ್ಣ ಬಳಿದಂತೆ ಮಸುಕಾಗುತ್ತದೆ. ಆದ್ದರಿಂದ ಬಣ್ಣವನ್ನು ಇಡೀ ಚಿತ್ರಕ್ಕೆ ಒಂದೇ ಶಾಯಿಬಣ್ಣವಾಗಿ ತುಂಬಿ, ತಿಳಿ ದಟ್ಟಗಳ ಭಾರವನ್ನೆಲ್ಲ ಆಲ್ಫಾದ ಮೇಲೆಯೇ ಹಾಕುವುದು ಲೇಸು. ಬಾಲ್‌ಪೆನ್ನಿನ ಗೆರೆಯೊಳಗಿನ ಸಣ್ಣ ಬಿರುಕು, ಶಾಯಿ ತುಸು ಹೆಚ್ಚು ಕೂತ ತಿರುವು, ಇವೆಲ್ಲ ಆಗಲೂ ಉಳಿಯುತ್ತವೆ.

ಗಿಂಪ್ ತಂತ್ರಾಂಶದ `Color to Alpha` ಆಜ್ಞೆ ಇದೇ ತರ್ಕವನ್ನು ಇನ್ನೊಂದು ಬಗೆಯಲ್ಲಿ ನಡೆಸುತ್ತದೆ. ಅದಕ್ಕೆ ಕಾಗದದ ಬಣ್ಣ ಮಾತ್ರ ಗೊತ್ತು, ಶಾಯಿಯ ಬಣ್ಣ ಗೊತ್ತಿಲ್ಲ. ಹೀಗಾಗಿ ಪ್ರತಿ ಪಿಕ್ಸೆಲ್ಲಿಗೂ ಸಾಧ್ಯವಾದಷ್ಟು ಕಡಿಮೆ ಆಲ್ಫಾ ಕೊಟ್ಟು ಉಳಿದುದನ್ನು ಗಾಢ ಬಣ್ಣವಾಗಿ ಬದಲಿಸುತ್ತದೆ. ಕೆಂಪು 40, ಹಸಿರು 60, ನೀಲಿ 140 ಇರುವ ಶಾಯಿಯಿಂದ ಅಚ್ಚ ಬಿಳಿಯನ್ನು ಕಳೆದರೆ ಗೆರೆಯ ನಟ್ಟನಡುವೆಯೂ ಆಲ್ಫಾ 0.84 ಆಗುತ್ತದೆ, ಅಂದರೆ ಸಹಿಯ ಕೆಳಗೆ ಅಚ್ಚಾದ ಹೆಸರು ಗೆರೆಯೊಳಗಿಂದ ಇಣುಕುತ್ತದೆ. ಬಿಳಿ ಕಾಗದದ ಮೇಲೆ ಇದು ಸಹಜವಾಗಿಯೇ ಕಂಡರೂ ಬಣ್ಣದ ಪುಟದ ಮೇಲೆ ಶಾಯಿ ಸೊರಗುತ್ತದೆ. ಆಜ್ಞೆಯ ಜೊತೆಗಿರುವ `Transparency threshold` ಮತ್ತು `Opacity threshold` ಎಂಬ ಎರಡು ಹಿಡಿಗಳಲ್ಲಿ ಮೊದಲನೆಯದನ್ನು ಕಾಗದದ ಚುಕ್ಕೆಗಳು ಹೋಗುವಷ್ಟು ಏರಿಸಿ, ಎರಡನೆಯದನ್ನು ಗೆರೆಯ ನಡುಭಾಗ ಗಟ್ಟಿಯಾಗುವಷ್ಟು ಇಳಿಸಿದರೆ ಈ ಕೊರತೆ ನೀಗುತ್ತದೆ. ಮೌಸ್ ಹಿಡಿದು ಕೆಲಸ ಮಾಡುವವರಿಗೆ ಇದೇ ಸುಲಭದ ದಾರಿ.

ಹತ್ತಾರು ಸಹಿಗಳನ್ನು ಒಂದೇ ಹದದಲ್ಲಿ ಸಿದ್ಧಪಡಿಸಬೇಕಾದಾಗ ಆಜ್ಞೆಯ ಸಾಲಿನಲ್ಲಿ ಕೆಲಸ ಮಾಡುವ ಇಮೇಜ್‌ಮ್ಯಾಜಿಕ್ ಅನುಕೂಲ. ನೀಲಿ ಶಾಯಿಗೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ಅಲ್ಲಿ ಸಲೀಸಾಗಿ ಬಳಸಿಕೊಳ್ಳಬಹುದು. ನೀಲಿ ಶಾಯಿ ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ಚಿತ್ರದ ಮೂರು ಬೆಲೆಗಳಲ್ಲಿ ಕೆಂಪಿನದರಲ್ಲೇ ಅದು ಅತ್ಯಂತ ಕಪ್ಪಾಗಿ ಕಾಣುತ್ತದೆ. ಅದೊಂದನ್ನೇ ಬೇರ್ಪಡಿಸಿ ಅಳತೆಗೆ ಬಳಸಿದರೆ ಕಾಗದ ಮತ್ತು ಶಾಯಿಯ ಅಂತರ ಗರಿಷ್ಠವಾಗುತ್ತದೆ.

```
magick sahi.png -channel R -separate +channel -level 16%,90% -negate mask.png
magick mask.png -colorspace sRGB -background "#283C8C" -alpha shape -units PixelsPerInch -density 600 sahi-out.png
```

ಮೊದಲ ಸಾಲು ಕೆಂಪಿನ ಬೆಲೆಗಳನ್ನು ತೆಗೆದು, ಶೇಕಡಾ 16ಕ್ಕಿಂತ ಕೆಳಗಿನದನ್ನು ಪೂರ್ತಿ ಕಪ್ಪು, 90ಕ್ಕಿಂತ ಮೇಲಿನದನ್ನು ಪೂರ್ತಿ ಬಿಳಿ ಮಾಡಿ, ಕೊನೆಗೆ ತಿರುವುಮುರುವು ಮಾಡುತ್ತದೆ. ಹೀಗೆ ಶಾಯಿಯ ಪಾಲಿನ ನಕ್ಷೆಯೊಂದು ಸಿದ್ಧವಾಗುತ್ತದೆ. 40 ಎಂಬುದು 255ರ ಶೇಕಡಾ 16ರಷ್ಟು, ಆದ್ದರಿಂದ ಆ ಅಂಕಿ. ಕಾಗದದ 240 ಎಂಬುದು ಶೇಕಡಾ 94 ಆದರೂ, 232ರವರೆಗೆ ಇಳಿಯುವ ಕಾಗದದ ಚುಕ್ಕೆಗಳೂ ಮಾಯವಾಗಲೆಂದು ಮೇಲಿನ ಅಂಕಿಯನ್ನು 90ಕ್ಕೆ, ಅಂದರೆ ಸುಮಾರು 230ಕ್ಕೆ, ತರಲಾಗಿದೆ. ಇದನ್ನು ಇನ್ನೂ ಇಳಿಸುತ್ತ ಹೋದರೆ ಹಿನ್ನೆಲೆ ಶುಭ್ರವಾದರೂ ತೆಳು ಗೆರೆಗಳು ಮೊದಲು ಸವೆಯುತ್ತವೆ. ಎರಡನೆಯ ಸಾಲು ಆ ನಕ್ಷೆಯನ್ನು ಆಲ್ಫಾ ಆಗಿ ಇಟ್ಟು ಇಡೀ ಚಿತ್ರಕ್ಕೆ ಒಂದೇ ಶಾಯಿಬಣ್ಣವನ್ನು ತುಂಬುತ್ತದೆ. ಈ ಅಂಕಿಗಳು ಈ ಒಂದು ಹಾಳೆಗೆ ಸೇರಿದವು. ಬೇರೆ ಕಾಗದ, ಬೇರೆ ಪೆನ್ನು ಬಂದಾಗ ಖಾಲಿ ಜಾಗವನ್ನೂ ದಟ್ಟ ಗೆರೆಯನ್ನೂ ಅಳೆದು ಬದಲಿಸಬೇಕು.

ಕೆಂಪು ಬೆಲೆಯನ್ನು ಬೇರ್ಪಡಿಸುವುದರಿಂದ ಇನ್ನೊಂದು ಉಪಕಾರವೂ ಉಂಟು. ಕೆಂಪು ಶಾಯಿಯ ಮೊಹರಿನ ಮೇಲೆ ನೀಲಿ ಸಹಿ ಬಿದ್ದಿದ್ದರೆ, ಕೆಂಪಿನ ಬೆಲೆಗಳಲ್ಲಿ ಮೊಹರು ಕಾಗದದಷ್ಟೇ ಬೆಳ್ಳಗಾಗಿ ಬಹುಪಾಲು ಮಾಯವಾಗಿ ಸಹಿ ಮಾತ್ರ ಉಳಿಯುತ್ತದೆ. ನಮ್ಮ ಕಚೇರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ನೇರಳೆ ಮೊಹರಿಗೆ ಈ ಉಪಾಯ ನಡೆಯದು, ಏಕೆಂದರೆ ನೇರಳೆ ಶಾಯಿಯೂ ಕೆಂಪು ಬೆಳಕನ್ನು ಸಾಕಷ್ಟು ಹೀರುತ್ತದೆ. ಅಂಥ ಹಾಳೆಯ ಮೇಲೆ ಗಂಟೆಗಟ್ಟಲೆ ತಿದ್ದುವುದಕ್ಕಿಂತ ಖಾಲಿ ಹಾಳೆಯ ಮೇಲೆ ಹೊಸದಾಗಿ ಸಹಿ ಮಾಡಿಸುವುದೇ ಸರಿಯಾದ ದಾರಿ.

ಮೂಲಚಿತ್ರ ಕೆಟ್ಟಿದ್ದರೆ ಯಾವ ವಿಧಾನವೂ ಅದನ್ನು ಪೂರ್ತಿ ಸರಿಪಡಿಸಲಾರದು. ಸ್ಕ್ಯಾನರಿನಲ್ಲಿ ಬಣ್ಣದ ಮಾದರಿಯನ್ನೇ ಆರಿಸಬೇಕು. ಪಠ್ಯ ಅಥವಾ ಕಪ್ಪು ಬಿಳುಪಿನ ಮಾದರಿಯಲ್ಲಿ ಯಂತ್ರ ತಾನೇ ಗಡಿ ಹಾಕಿಬಿಡುವುದರಿಂದ ಅಳೆಯಲು ನಡುವಿನ ಬೆಲೆಗಳೇ ಸಿಗುವುದಿಲ್ಲ. ಚಿತ್ರವನ್ನು ಚೂಪು ಮಾಡುವ ಸೌಲಭ್ಯವನ್ನು ನಿಲ್ಲಿಸಿಡಬೇಕು, ಏಕೆಂದರೆ ಅದು ಗೆರೆಯ ಪಕ್ಕದ ಕಾಗದವನ್ನು ಇದ್ದುದಕ್ಕಿಂತ ಬೆಳ್ಳಗೆ ಮಾಡಿ ತೋರಿಸುತ್ತದೆ. ಕಡತವನ್ನು ಪಿಎನ್‌ಜಿ ಅಥವಾ ಟಿಫ್ ಆಗಿ ಉಳಿಸಬೇಕು. ಜೆಪಿಜಿ ಸಂಕೋಚನ 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ತುಂಡುಗಳಲ್ಲಿ ನಡೆಯುವುದರಿಂದ, ಕಪ್ಪು ಗೆರೆ ಹಾಯುವ ತುಂಡಿನ ಖಾಲಿ ಭಾಗದಲ್ಲೂ ಮಸುಕು ಅಲೆಗಳು ಏಳುತ್ತವೆ; ಪಾರದರ್ಶಕ ಮಾಡಿದ ಮೇಲೆ ಸಹಿಯ ಸುತ್ತ ಮಾತ್ರ ಚಿಟಿಚಿಟಿ ಚುಕ್ಕೆಗಳು ಉಳಿದಿದ್ದರೆ, ಮೂಲ ಒಮ್ಮೆ ಜೆಪಿಜಿ ಆಗಿ ಬಂದಿತ್ತೆಂದು ತಿಳಿಯಬೇಕು.

ಸ್ಕ್ಯಾನರ್ ಇಲ್ಲದೆ ಮೊಬೈಲಿನಲ್ಲಿ ಫೋಟೊ ತೆಗೆದಾಗ ತೊಂದರೆ ಬೇರೆಯದು. ಕಾಗದದ ಕಿಟಕಿ ಬದಿಯ ಮೂಲೆ 235 ಇದ್ದರೆ ಕೈಯ ನೆರಳು ಬಿದ್ದ ಮೂಲೆ 170 ಇರಬಹುದು, ಆಗ ಇಡೀ ಹಾಳೆಗೆ ಕಾಗದದ ಬೆಲೆ ಇಷ್ಟೇ ಎನ್ನಲು ಬರುವುದಿಲ್ಲ. ಬೆಳಕಿನ ಏರಿಳಿತ ಕಾಗದದ ಬಿಳುಪನ್ನು ಗುಣಿಸಿದಂತೆ ಕೆಲಸ ಮಾಡುವುದರಿಂದ ಅದನ್ನು ಭಾಗಾಕಾರದಿಂದ ತೆಗೆಯಬೇಕು, ವ್ಯವಕಲನದಿಂದಲ್ಲ. ಗಿಂಪ್‌ನಲ್ಲಿ ಚಿತ್ರದ ಪದರವನ್ನು ನಕಲು ಮಾಡಿ, ಗೆರೆಗಳು ಕರಗಿ ಬರೀ ನೆರಳು ಉಳಿಯುವಷ್ಟು ಮೇಲಿನ ಪದರವನ್ನು ಮಸುಕು ಮಾಡಿ, ಅದರ ಬೆರಕೆಯ ಬಗೆಯನ್ನು `Divide` ಎಂದು ಬದಲಿಸಿದರೆ ಎರಡು ಮೂಲೆಗಳೂ ಬಿಳಿಯಾಗುತ್ತವೆ. ಮಸುಕಿನ ತ್ರಿಜ್ಯ ಗೆರೆಯ ದಪ್ಪದ ಐದಾರು ಪಟ್ಟಾದರೂ ಇರಬೇಕು. ಅದು ಸಣ್ಣದಾದರೆ ಗೆರೆಗಳು ಒತ್ತೊತ್ತಾಗಿರುವ ಸುರುಳಿಗಳಲ್ಲಿ ಶಾಯಿಯನ್ನೇ ನೆರಳೆಂದು ಬಗೆದು ಲೆಕ್ಕ ಅಲ್ಲಿನ ಗೆರೆಯನ್ನು ಬೆಳ್ಳಗಾಗಿಸುತ್ತದೆ.

ಸಿದ್ಧವಾದ ಚಿತ್ರ ದಾಖಲೆಯೊಳಗೆ ಹೋಗುವಾಗ ಕೆಡುವ ಬಗೆಗಳು ಮುಖ್ಯವಾಗಿ ಎರಡು. ಒಂದು ಅಳತೆಯದು: ಕಡತದಲ್ಲಿ ಅಂಗುಲಕ್ಕೆ 600 ಎಂಬ ಮಾಹಿತಿ ಇಲ್ಲದಿದ್ದರೆ ಕೆಲವು ತಂತ್ರಾಂಶಗಳು 96 ಎಂದು ಭಾವಿಸಿ 6 ಸೆಂಟಿಮೀಟರಿನ ಸಹಿಯನ್ನು ಪುಟದ ಅಗಲಕ್ಕೆ ಹಿಗ್ಗಿಸುತ್ತವೆ, ಮೇಲಿನ ಆಜ್ಞೆಯ ಕೊನೆಯಲ್ಲಿ ಆ ಮಾಹಿತಿಯನ್ನು ಸೇರಿಸಿರುವುದು ಇದಕ್ಕಾಗಿ. ಇನ್ನೊಂದು ಆಲ್ಫಾ ಕಳೆದುಹೋಗುವುದು. ನೇಮಕಾತಿ ಮತ್ತು ಪ್ರವೇಶ ಪರೀಕ್ಷೆಗಳ ಆನ್‌ಲೈನ್ ಅರ್ಜಿಗಳು ಸಾಮಾನ್ಯವಾಗಿ ಇಂತಿಷ್ಟು ಕೆಬಿಯೊಳಗಿನ ಜೆಪಿಜಿ ಸಹಿಯನ್ನೇ ಕೇಳುತ್ತವೆ. ಪಾರದರ್ಶಕ ಪಿಎನ್‌ಜಿಯನ್ನು ಹಾಗೆಯೇ ಜೆಪಿಜಿ ಮಾಡಿದರೆ ಆಲ್ಫಾ ಬಿದ್ದುಹೋಗಿ ಅದರ ಅಡಿಯಲ್ಲಿದ್ದ ಬಣ್ಣ ಮೇಲೆ ಬರಬಹುದು: ಅದು ಎಷ್ಟೋ ಸಲ ಕಪ್ಪು, ಒಂದೇ ಶಾಯಿಬಣ್ಣ ತುಂಬಿದ ಚಿತ್ರದಲ್ಲಾದರೆ ಸಹಿಯೇ ಕಾಣದ ಅಖಂಡ ನೀಲಿ ಆಯತ. ಅಂಥ ಅರ್ಜಿಗೆ ಪಾರದರ್ಶಕತೆಯ ಅಗತ್ಯವೇ ಇಲ್ಲ. ಇರುವ ಚಿತ್ರವನ್ನೇ ಬಳಸಬೇಕಾದರೆ ಮೊದಲು ಬಿಳಿಯ ಮೇಲೆ ಕೂರಿಸಬೇಕು.

```
magick sahi-out.png -background white -flatten sahi.jpg
```

ಪಿಡಿಎಫ್ ಮಾದರಿಗೆ ಈ ಬಗೆಯ ಪಾರದರ್ಶಕತೆ ಬಂದುದು 2001ರ 1.4ನೆಯ ಆವೃತ್ತಿಯಲ್ಲಿ. ದೀರ್ಘಕಾಲದ ಸಂಗ್ರಹಕ್ಕೆಂದು 2005ರಲ್ಲಿ ರೂಪುಗೊಂಡ ಪಿಡಿಎಫ್/ಎ-1 ಮಾನದಂಡ ಅದನ್ನು ಒಪ್ಪುವುದಿಲ್ಲ, 2011ರ ಪಿಡಿಎಫ್/ಎ-2 ಒಪ್ಪುತ್ತದೆ. ದಾಖಲಾತಿಗೆ ಹೋಗುವ ಕಡತಗಳಲ್ಲಿ ಸಹಿಯ ಸುತ್ತ ಮತ್ತೆ ಬಿಳಿ ಚೌಕ ಮೂಡಿದ್ದರೆ ಕಾರಣವನ್ನು ಈ ವ್ಯತ್ಯಾಸದಲ್ಲಿ ಹುಡುಕಬಹುದು.

ಇಷ್ಟು ಶ್ರಮದಿಂದ ಮಾಡಿದ ಚಿತ್ರಕ್ಕೆ ಕಾನೂನಿನ ಬಲ ಎಷ್ಟು ಎಂಬುದನ್ನು ಬಳಸುವವರು ತಿಳಿದಿರಲೇಬೇಕು. ಭಾರತದ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 3ನೆಯ ಪ್ರಕರಣ ಹೇಳುವ ಡಿಜಿಟಲ್ ಸಹಿಯು ಗೆರೆಗಳ ಚಿತ್ರಕ್ಕೆ ಸಂಬಂಧಿಸಿದ್ದೇ ಅಲ್ಲ; ದಾಖಲೆಯ ಇಡೀ ಪಠ್ಯದಿಂದ ಲೆಕ್ಕ ಹಾಕಿ ತೆಗೆದ ಮುದ್ರೆಸಂಖ್ಯೆಯನ್ನು ಸಹಿದಾರರ ಗುಪ್ತ ಕೀಲಿಯಿಂದ ಭದ್ರಪಡಿಸುವ ಕ್ರಮ ಅದು, ಆದ್ದರಿಂದ ಆಮೇಲೆ ಒಂದು ಅಕ್ಷರ ಬದಲಾದರೂ ಪರಿಶೀಲನೆಯಲ್ಲಿ ಗೊತ್ತಾಗುತ್ತದೆ. 2008ರ ತಿದ್ದುಪಡಿ 3ಎ ಪ್ರಕರಣವನ್ನು ಸೇರಿಸಿ ಎಲೆಕ್ಟ್ರಾನಿಕ್ ಸಹಿಯ ಇತರ ವಿಧಾನಗಳಿಗೂ ದಾರಿ ಮಾಡಿತು. ಆಧಾರ್ ಆಧಾರಿತ ಇ-ಸೈನ್ ಬಂದುದು ಆ ದಾರಿಯಲ್ಲಿ. ಪಿಡಿಎಫ್‌ನ ಡಿಜಿಟಲ್ ಸಹಿಯ ಚೌಕದೊಳಗೆ ಕೈಸಹಿಯ ಪಾರದರ್ಶಕ ಚಿತ್ರವನ್ನು ತೋರಿಸಲು ಅವಕಾಶವಿದೆ, ಆದರೆ ಅಲ್ಲಿ ಅದು ತೋರಿಕೆ ಮಾತ್ರ. ಭದ್ರತೆ ಇರುವುದು ಕಣ್ಣಿಗೆ ಕಾಣದ ಕೀಲಿಯಲ್ಲಿ.

ಚಿತ್ರ ಎಷ್ಟು ಶುಭ್ರವಾಗಿರುತ್ತದೋ ಅದನ್ನು ಕದಿಯುವುದೂ ಅಷ್ಟೇ ಸುಲಭ ಎಂಬುದು ಈ ಕೆಲಸದ ಕಹಿ ಸತ್ಯ. ಪಿಡಿಎಫ್‌ನೊಳಗೆ ಸಹಿಯ ಬಣ್ಣವೂ ಆಲ್ಫಾದ ನಕ್ಷೆಯೂ ಬೇರೆ ಬೇರೆ ಚಿತ್ರಗಳಾಗಿ, ಎಷ್ಟೋ ಸಲ ಸೇರಿಸಿದಷ್ಟೇ ಸ್ಪಷ್ಟತೆಯಲ್ಲಿ ಕೂತಿರುತ್ತವೆ. ಪೋಪ್ಲರ್ ಸಂಗ್ರಹದ `pdfimages -list patra.pdf` ಎಂಬ ಆಜ್ಞೆ ಕೊಟ್ಟರೆ `image` ಮತ್ತು `smask` ಎಂಬ ಎರಡು ಸಾಲುಗಳಾಗಿ ಅವು ಕಾಣಿಸಿಕೊಳ್ಳುತ್ತವೆ, ಇನ್ನೊಂದು ಆಜ್ಞೆಯಿಂದ ಹೊರಗೂ ಬರುತ್ತವೆ. ಆದ್ದರಿಂದ 600ರ ಮೂಲಚಿತ್ರವನ್ನು ಸಹಿದಾರರ ಬಳಿ ಮಾತ್ರ ಇಟ್ಟು, ಹೊರಗೆ ಹೋಗುವ ದಾಖಲೆಗೆ 200ರ ಆಸುಪಾಸಿಗೆ ಇಳಿಸಿದ ಪ್ರತಿಯನ್ನು ಬಳಸುವುದು ಮತ್ತು ಪಠ್ಯವನ್ನು ಆಯ್ದು ನಕಲಿಸುವ ಅಗತ್ಯವಿಲ್ಲದ ಪತ್ರವನ್ನು ಇಡೀ ಪುಟದ ಚಿತ್ರವಾಗಿಸಿ ಕಳಿಸುವುದು ರೂಢಿಯಾಗಬೇಕು. ಹಾಗೆ ಕಳಿಸಿದ ಪುಟದಿಂದ ಸಹಿಯನ್ನು ಎತ್ತಲು ಹೊರಟವರಿಗೆ ಅದರ ಅಡಿಯ ಚುಕ್ಕೆಗೆರೆ, ಹುದ್ದೆಯ ಅಕ್ಷರಗಳು ಮತ್ತು ಹಿನ್ನೆಲೆಯ ಬಣ್ಣವೂ ಅದರೊಂದಿಗೆ ಸೇರಿಯೇ ಸಿಗುತ್ತವೆ.